ಘಾಟಿಯ ತಿರುವಿನ ಉದ್ದ ಮತ್ತು ಸಮದೂರದ ಕಲ್ಲುಗಳು

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿಯವನು, ಬಿಸಿಎ ಓದುತ್ತಿದ್ದೇನೆ. ಆಗುಂಬೆ ಘಾಟಿಯಲ್ಲಿರುವಂಥ ಒಂದು ಹೇರ್‌ಪಿನ್ ತಿರುವನ್ನು ಕ್ಯೂಬಿಕ್ ಬೆಜಿಯರ್ ಕರ್ವ್ ಆಗಿ ಬರೆದು, ಅದರ ಮೇಲೆ ಬಸ್ಸು ಓಡಿಸುವ ಅನಿಮೇಷನ್ ಮಾಡುತ್ತಿದ್ದೇನೆ. ನಿಯಂತ್ರಣ ಬಿಂದುಗಳು ಮೀಟರ್ ಲೆಕ್ಕದಲ್ಲಿ (0,0), (80,0), (80,40), (0,40). t ಅನ್ನು ಸಮವಾಗಿ ಹೆಚ್ಚಿಸುತ್ತಾ ಹೋದರೂ ಬಸ್ಸು ನೇರ ದಾರಿಯಲ್ಲಿ ಓಡಿ ತಿರುವಿನಲ್ಲಿ ತೆವಳುತ್ತದೆ. ರಸ್ತೆ ಬದಿಗೆ ಸುಮಾರು 5 ಮೀಟರಿಗೊಂದು ಕಾವಲು ಕಲ್ಲು ಇಡಬೇಕೆಂದಿದ್ದೇನೆ, ಅವೂ ತಿರುವಿನಲ್ಲಿ ಗುಂಪುಗೂಡುತ್ತವೆ. ಒಟ್ಟು ಉದ್ದಕ್ಕೆ ಸೂತ್ರ ಹುಡುಕಿದೆ, ಸಿಗಲಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ನಾಲ್ಕು ಬಿಂದುಗಳನ್ನು ಬೆಜಿಯರ್ ಸೂತ್ರಕ್ಕೆ ಹಾಕಿ ಬಿಡಿಸಿಬಿಡೋಣ. ಸಿಗುವುದು ತೀರ ಸರಳ:

```
x = 240 t (1 - t)
y = 120 t^2 - 80 t^3
```

ರಸ್ತೆ 60 ಮೀಟರ್ ಒಳಕ್ಕೆ ಹೋಗಿ, ಹೊರಟ ಕಡೆಗೇ 40 ಮೀಟರ್ ಪಕ್ಕದಲ್ಲಿ ಮರಳುತ್ತದೆ. ಇನ್ನು t ಬದಲಾದಂತೆ ಬಿಂದು ಎಷ್ಟು ವೇಗವಾಗಿ ಸರಿಯುತ್ತದೆ ನೋಡಿ. x' = 240(1 − 2t), y' = 240 t(1 − t). ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ವೇಗ v. ತಿರುವಿನ ಎರಡು ತುದಿಗಳಲ್ಲಿ v ಬೆಲೆ 240, ನಟ್ಟನಡುವೆ t = 0.5 ಇರುವಲ್ಲಿ 60. ಅಂದರೆ ನಾಲ್ಕು ಪಟ್ಟು ವ್ಯತ್ಯಾಸ. ನಿಮ್ಮ ಬಸ್ಸು ತಿರುವಿನಲ್ಲಿ ನಿಧಾನವಾಗುವುದು ಡ್ರೈವರ್ ಜಾಣತನದಿಂದಲ್ಲ, ನಿಯಂತ್ರಣ ಬಿಂದುಗಳನ್ನು ನೀವು ಇಟ್ಟ ರೀತಿಯಿಂದ. t ಸೊನ್ನೆಯಿಂದ 0.25 ಆಗುವಷ್ಟರಲ್ಲಿ ಬಸ್ಸು 45.65 ಮೀಟರ್ ಹೋಗಿರುತ್ತದೆ. ಮುಂದಿನ ಕಾಲು ಭಾಗದಲ್ಲಿ, t 0.5 ಆಗುವವರೆಗೆ, ಬರೀ 21.51 ಮೀಟರ್.

ಸೂತ್ರ ಸಿಗದಿದ್ದುದಕ್ಕೆ ಕಾರಣವಿದೆ. u = 1 − 2t ಎಂದು ಇಟ್ಟುಕೊಂಡರೆ ವೇಗ ಹೀಗಾಗುತ್ತದೆ:

```
v = 60 sqrt(u^4 + 14 u^2 + 1)
```

ವರ್ಗಮೂಲದೊಳಗೆ ನಾಲ್ಕನೇ ಘಾತ ಕೂತಿದೆ. ಇದರ ಇಂಟಿಗ್ರಲ್ ಎಲಿಪ್ಟಿಕ್ ಜಾತಿಯದು, ನಾವು ಪಿಯುಸಿಯಲ್ಲಿ ಕಲಿತ ಫಂಕ್ಷನ್‌ಗಳಲ್ಲಿ ಅದನ್ನು ಬರೆಯಲು ಬರುವುದಿಲ್ಲ. ಕ್ಯೂಬಿಕ್ ಬೆಜಿಯರ್‌ಗಳಲ್ಲಿ ಸಾಮಾನ್ಯವಾಗಿ ಇದೇ ಕಥೆ. ಹಾಗಾಗಿ ಸೂತ್ರದ ಹುಡುಕಾಟ ಬಿಟ್ಟು ಸಂಖ್ಯೆಗಳಿಗೆ ಇಳಿಯಬೇಕು.

ಎಲ್ಲರಿಗೂ ಮೊದಲು ಹೊಳೆಯುವುದು ವಕ್ರರೇಖೆಯ ಮೇಲೆ ಬಿಂದುಗಳನ್ನಿಟ್ಟು, ಪಕ್ಕಪಕ್ಕದ ಬಿಂದುಗಳ ನಡುವಿನ ನೇರ ಗೆರೆಗಳನ್ನು ಕೂಡಿಸುವುದು. ನಿಮ್ಮ ತಿರುವಿಗೆ t ಅನ್ನು ಎರಡು ತುಂಡು ಮಾಡಿದರೆ 126.49 ಮೀಟರ್ ಬರುತ್ತದೆ, ನಾಲ್ಕು ಮಾಡಿದರೆ 131.56, ಎಂಟಕ್ಕೆ 133.58, ಹದಿನಾರಕ್ಕೆ 134.14. ಎರಡು ಬಿಂದುಗಳ ನಡುವೆ ನೇರ ಗೆರೆಗಿಂತ ಗಿಡ್ಡ ದಾರಿ ಇಲ್ಲವಾದ್ದರಿಂದ ಈ ಮೊತ್ತ ಯಾವಾಗಲೂ ನಿಜ ಉದ್ದಕ್ಕಿಂತ ಕಡಿಮೆಯೇ ಇರುತ್ತದೆ, ತುಂಡು ಸೀಳುತ್ತಾ ಹೋದಂತೆ ಏರುತ್ತಲೇ ಹೋಗುತ್ತದೆ. ಇದು ಈ ವಿಧಾನದ ಒಂದು ಒಳ್ಳೆಯ ಗುಣ. ನಿಮ್ಮ ಪ್ರೋಗ್ರಾಮಿನಲ್ಲಿ ತುಂಡುಗಳನ್ನು ದುಪ್ಪಟ್ಟು ಮಾಡಿದಾಗ ಮೊತ್ತ ಇಳಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಏರಿಕೆಯ ಪ್ರಮಾಣವನ್ನೂ ಗಮನಿಸಿ. 5.07, ಆಮೇಲೆ 2.01, ಆಮೇಲೆ 0.56. ತುಂಡುಗಳನ್ನು ದುಪ್ಪಟ್ಟು ಮಾಡಿದರೆ ದೋಷ ಕಾಲು ಭಾಗಕ್ಕೆ ಇಳಿಯಬೇಕು ಎನ್ನುವುದು ಸಿದ್ಧಾಂತ. ಇಲ್ಲಿ ಮೊದಲು ಎರಡೂವರೆ ಪಟ್ಟು ಇಳಿದಿದೆ, ಆಮೇಲೆ ಮೂರೂವರೆ ಪಟ್ಟಿನ ಹತ್ತಿರ. ನಾಲ್ಕಕ್ಕೆ ಹತ್ತಿರ ಬರುತ್ತಿದೆ, ಆದರೆ ಇನ್ನೂ ಮುಟ್ಟಿಲ್ಲ. ಈ ಅನುಪಾತ ನಾಲ್ಕರ ಹತ್ತಿರ ಬಂದ ಮೇಲೆ ಒಂದು ಅಗ್ಗದ ಉಪಾಯ ಬಳಸಬಹುದು: ಕೊನೆಯ ಏರಿಕೆಯ ಮೂರನೇ ಒಂದು ಭಾಗವನ್ನು ಕೊನೆಯ ಮೊತ್ತಕ್ಕೆ ಸೇರಿಸುವುದು. ಇದಕ್ಕೆ ರಿಚರ್ಡ್‌ಸನ್ ವಿಧಾನ ಎನ್ನುತ್ತಾರೆ. ಎಂಟು ಮತ್ತು ಹದಿನಾರು ತುಂಡುಗಳಿಂದ ಹೀಗೆ ಮಾಡಿದರೆ 134.329 ಬರುತ್ತದೆ. ನಿಜವಾದ ಉದ್ದ 134.3299 ಮೀಟರ್. ಒಂದು ಮಿಲಿಮೀಟರ್ ಅಂತರ. ಆದರೆ ಇದರಲ್ಲಿ ಅದೃಷ್ಟದ ಪಾಲೂ ಇದೆ ಎನ್ನಬೇಕು, ಏಕೆಂದರೆ ಅದೇ ಉಪಾಯವನ್ನು ಎರಡು ಮತ್ತು ನಾಲ್ಕು ತುಂಡುಗಳ ಮೇಲೆ ಮಾಡಿದರೆ 133.25 ಬರುತ್ತದೆ, ನಿಜ ಉದ್ದಕ್ಕಿಂತ ಒಂದು ಮೀಟರಿಗೂ ಮಿಕ್ಕಿ ಗಿಡ್ಡ. ಅನುಪಾತ ನೋಡದೆ ಈ ಉಪಾಯವನ್ನು ನಂಬಬೇಡಿ.

ನಿಮ್ಮ ಹತ್ತಿರ x' ಮತ್ತು y' ಸೂತ್ರಗಳೇ ಇರುವಾಗ ನೇರ ಗೆರೆಗಳನ್ನು ಅಳೆಯುವ ಬದಲು ವೇಗವನ್ನೇ ಇಂಟಿಗ್ರೇಟ್ ಮಾಡುವುದು ಲೇಸು. ಅದಕ್ಕೆ ನಾನು ಬಳಸುವುದು ಐದು ಬಿಂದುಗಳ ಗಾಸ್–ಲೆಜಾಂದ್ರ್ ನಿಯಮ. ಐದು ನಿಗದಿತ ಜಾಗಗಳಲ್ಲಿ ವೇಗ ಲೆಕ್ಕ ಹಾಕಿ, ನಿಗದಿತ ತೂಕಗಳಿಂದ ಗುಣಿಸಿ ಕೂಡಿಸಿದರೆ ಆಯಿತು. ವೇಗ ಬಹುಪದವಾಗಿದ್ದರೆ ಒಂಬತ್ತನೇ ಘಾತದವರೆಗೂ ಉತ್ತರ ಕರಾರುವಾಕ್ಕು. ಇಲ್ಲಿ ಒಂದು ಮುಖ್ಯ ಎಡವಟ್ಟು ಕಾದಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಇಡೀ ತಿರುವಿಗೆ, ಅಂದರೆ t = 0 ಇಂದ 1 ರವರೆಗೆ, ಈ ಐದು ಬಿಂದುಗಳನ್ನು ಒಂದೇ ಏಟಿಗೆ ಹಾಕಿದರೆ ಉತ್ತರ 133.786. ಅರ್ಧ ಮೀಟರಿಗಿಂತ ಹೆಚ್ಚು ತಪ್ಪು. ಹೆಸರುವಾಸಿ ನಿಯಮ ಇಷ್ಟು ಸೋತದ್ದೇಕೆ? ಅದೇ ತಿರುವನ್ನು ನಡುವೆ, t = 0.5 ಇರುವಲ್ಲಿ, ಎರಡು ಮಾಡಿ ಪ್ರತಿ ಅರ್ಧಕ್ಕೂ ಐದು ಬಿಂದು ಕೊಟ್ಟರೆ ಉತ್ತರ 134.331. ದೋಷ ಒಂದು ಮಿಲಿಮೀಟರ್ ಆಸುಪಾಸು. ಕೆಲಸ ಆದದ್ದು ದುಪ್ಪಟ್ಟು, ದೋಷ ಇಳಿದದ್ದು ಸುಮಾರು ಐನೂರು ಪಟ್ಟು.

ಕಾರಣ ವೇಗದ ನಕ್ಷೆಯಲ್ಲಿದೆ. t ಎದುರು v ಅನ್ನು ಬರೆದು ನೋಡಿ. ಎರಡೂ ಕಡೆಯಿಂದ ಹೆಚ್ಚುಕಡಿಮೆ ನೇರವಾಗಿ ಇಳಿದು ಬಂದ ಗೆರೆಗಳು ನಡುವೆ ಸಣ್ಣದೊಂದು ತಿರುಗಣೆಯಲ್ಲಿ ಸೇರುತ್ತವೆ, V ಅಕ್ಷರದ ತಳವನ್ನು ಕೊಂಚ ಉಜ್ಜಿ ದುಂಡಗೆ ಮಾಡಿದ ಹಾಗೆ. ಬಹುಪದಗಳಿಗೆ ಇಂಥ ಚೂಪು ತಳವನ್ನು ಅನುಸರಿಸುವುದು ಕಷ್ಟ. ಗಣಿತದ ಭಾಷೆಯಲ್ಲಿ ಹೇಳುವುದಾದರೆ, u⁴ + 14u² + 1 ಸೊನ್ನೆಯಾಗುವುದು ನಿಜ ಸಂಖ್ಯೆಗಳಲ್ಲಲ್ಲ, u = ±0.268i ಎಂಬ ಕಾಲ್ಪನಿಕ ಬೆಲೆಗಳಲ್ಲಿ (ಇನ್ನೊಂದು ಜೋಡಿ ದೂರದಲ್ಲಿದೆ, ಅದರಿಂದ ತೊಂದರೆಯಿಲ್ಲ). ಅವು ನಮ್ಮ ರಸ್ತೆಯ ಮೇಲಿಲ್ಲ, ಆದರೆ ತಿರುವಿನ ನಡುವಿಗೆ ತೀರ ಹತ್ತಿರದಲ್ಲಿವೆ. ಗಾಸ್ ನಿಯಮ ಎಷ್ಟು ಬೇಗ ನಿಜ ಉತ್ತರದ ಹತ್ತಿರ ಬರುತ್ತದೆ ಎಂಬುದನ್ನು ನಿರ್ಧರಿಸುವುದೇ ಈ ದೂರ. ನಡುವೆ ಕತ್ತರಿಸಿದಾಗ ಚೂಪು ತಳ ತುಂಡಿನ ಹೊಟ್ಟೆಯಿಂದ ತುದಿಗೆ ಸರಿಯುತ್ತದೆ, ಮತ್ತು ಗಾಸ್ ಬಿಂದುಗಳು ತುದಿಗಳ ಹತ್ತಿರವೇ ದಟ್ಟವಾಗಿರುವುದರಿಂದ ಅಲ್ಲಿ ಅದನ್ನು ಸುಲಭವಾಗಿ ನಿಭಾಯಿಸುತ್ತವೆ. ಹೇರ್‌ಪಿನ್ ಇನ್ನಷ್ಟು ಕಡಿದಾದಂತೆ ಆ ಕಾಲ್ಪನಿಕ ಬಿಂದುಗಳು ಇನ್ನಷ್ಟು ಹತ್ತಿರ ಬರುತ್ತವೆ. ಹಾಗಾಗಿ ಘಾಟಿ ರಸ್ತೆಗಳಲ್ಲಿ ತಿರುವಿನ ತುತ್ತತುದಿಯಲ್ಲಿ ಕತ್ತರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ತುತ್ತತುದಿ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ v ಅತಿ ಕಡಿಮೆಯಾಗುವ t ಹುಡುಕಿದರೆ ಸಾಕು.

ನಿಜ ಉತ್ತರ ಮೊದಲೇ ಗೊತ್ತಿಲ್ಲದಾಗ ತಪ್ಪು ಆಗಿದೆಯೆಂದು ತಿಳಿಯುವುದು ಹೇಗೆ? ಒಂದು ತುಂಡನ್ನು ಇಡಿಯಾಗಿ ಲೆಕ್ಕ ಹಾಕಿ, ಆಮೇಲೆ ಎರಡು ಮಾಡಿ ಲೆಕ್ಕ ಹಾಕಿ. ಎರಡೂ ಉತ್ತರ ನಿಮಗೆ ಬೇಕಾದ ನಿಖರತೆಯೊಳಗೆ ಹೊಂದಿದರೆ ಅಲ್ಲಿಗೆ ನಿಲ್ಲಿಸಿ, ಇಲ್ಲದಿದ್ದರೆ ಪ್ರತಿ ಅರ್ಧವನ್ನೂ ಮತ್ತೆ ಅರ್ಧ ಮಾಡಿ. ಮೇಲಿನ ಉದಾಹರಣೆಯಲ್ಲಿ 133.786 ಮತ್ತು 134.331 ಪಕ್ಕಪಕ್ಕ ನಿಂತ ಕೂಡಲೇ ಗುಟ್ಟು ರಟ್ಟಾಗುತ್ತದೆ.

ಇನ್ನು ನಿಮ್ಮ ನಿಜವಾದ ತೊಂದರೆಗೆ ಬರೋಣ. ಬೇಕಿರುವುದು t ಕೊಟ್ಟರೆ ದೂರ ಹೇಳುವ s(t) ಅಲ್ಲ, ದೂರ ಕೊಟ್ಟರೆ t ಹೇಳುವ ತಿರುಗುಮುರುಗಾದ ಫಂಕ್ಷನ್. v ಎಲ್ಲೂ ಸೊನ್ನೆಯಾಗದಿದ್ದರೆ s ಸದಾ ಏರುತ್ತಲೇ ಇರುತ್ತದೆ, ಆದ್ದರಿಂದ ಪ್ರತಿ ದೂರಕ್ಕೂ ಒಂದೇ ಒಂದು t ಇರುತ್ತದೆ. ಅದನ್ನು ಹುಡುಕಲು ನ್ಯೂಟನ್ ವಿಧಾನ ಹೇಳಿ ಮಾಡಿಸಿದಂತಿದೆ. s ನ ಡೆರಿವೇಟಿವ್ ಎಂದರೆ v ಯೇ, ಅದು ಆಗಲೇ ನಮ್ಮ ಕೈಯಲ್ಲಿದೆ.

ಕಾಲು ದಾರಿಯ ಬಿಂದುವನ್ನು ಹುಡುಕೋಣ. ದೂರ 134.3299 ರ ಕಾಲು ಭಾಗ, 33.582 ಮೀಟರ್. ಮೊದಲ ಊಹೆ t = 0.25. ಅಲ್ಲಿ s = 45.654, ಅಂದರೆ 12.072 ಮೀಟರ್ ಮುಂದೆ ಹೋಗಿದ್ದೇವೆ. ಅಲ್ಲಿನ ವೇಗ 128.16. ಭಾಗಿಸಿದರೆ 0.0942, ಅಷ್ಟು ಹಿಂದೆ ಬಂದರೆ t = 0.1558. ಈಗ s = 31.721, ಈ ಸಲ 1.86 ಮೀಟರ್ ಹಿಂದೆ ಬಿದ್ದೆವು. ವೇಗ 168.20, ತಿದ್ದುಪಡಿ 0.0111, t = 0.1669. s = 33.556, ಉಳಿದ ಅಂತರ ಎರಡೂವರೆ ಸೆಂಟಿಮೀಟರಿಗಿಂತ ಚೂರು ಹೆಚ್ಚು. ಇನ್ನೊಂದು ಹೆಜ್ಜೆಗೆ t = 0.16704, ಅಂತರ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಬಿಂದು (33.39, 2.98). ಮೂರೇ ಹೆಜ್ಜೆ.

ಆದರೆ ನ್ಯೂಟನ್ ಅನ್ನು ಹಗ್ಗ ಕಟ್ಟದೆ ಬಿಡಬಾರದು. v ಸಣ್ಣದಿರುವ ಕಡೆ ಅದರಿಂದ ಭಾಗಿಸಿದರೆ ಹೆಜ್ಜೆ ದೊಡ್ಡದಾಗಿ t ತುಂಡಿನ ಹೊರಗೇ ಜಿಗಿಯಬಹುದು. ಡ್ರಾಯಿಂಗ್ ಸಾಫ್ಟ್‌ವೇರ್‌ಗಳಲ್ಲಿ ನಿಯಂತ್ರಣದ ಹಿಡಿಯನ್ನು ಎಳೆಯದೆ ಬಿಟ್ಟಾಗ ಮೊದಲ ಎರಡು ಬಿಂದುಗಳು ಒಂದರ ಮೇಲೊಂದು ಕೂರುತ್ತವೆ. ಆಗ ಆ ತುದಿಯಲ್ಲಿ v ಸೊನ್ನೆಯೇ. ಇದು ಅಪರೂಪದ ಸಂಗತಿಯಲ್ಲ. ಅದಕ್ಕೆ ಉತ್ತರ ಇರಲೇಬೇಕಾದ ಎರಡು ಗಡಿಗಳನ್ನು ಇಟ್ಟುಕೊಂಡು, ನ್ಯೂಟನ್ ಗಡಿ ದಾಟಿದಾಗ ಅದರ ಮಾತು ಬಿಟ್ಟು ಗಡಿಗಳ ನಡುಬಿಂದುವನ್ನು ತೆಗೆದುಕೊಳ್ಳಬೇಕು. ಪ್ರತಿ ಸಲ ಸೊನ್ನೆಯಿಂದ t ವರೆಗೆ ಇಂಟಿಗ್ರೇಟ್ ಮಾಡುವುದೂ ಬೇಡ. ಮೊದಲೇ ಹದಿನಾರು ತುಂಡುಗಳ ತುದಿಗಳಲ್ಲಿ ದೂರದ ಪಟ್ಟಿ ಮಾಡಿಟ್ಟುಕೊಂಡು, ಯಾವ ತುಂಡಿನಲ್ಲಿ ಉತ್ತರವಿದೆಯೆಂದು ನೋಡಿ, ಆ ತುಂಡಿನೊಳಗಷ್ಟೇ ಕೆಲಸ ಮಾಡಿದರೆ ಸಾಕು.

```python
import numpy as np
z, w = np.polynomial.legendre.leggauss(5)

def speed(t):
    return np.hypot(240*(1 - 2*t), 240*t*(1 - t))

def seg(a, b):
    h = (b - a)/2
    return h*np.dot(w, speed((a + b)/2 + h*z))

T = np.linspace(0, 1, 17)
S = np.concatenate(([0], np.cumsum(
    [seg(a, b) for a, b in zip(T[:-1], T[1:])])))

def t_at(s):
    i = int(np.clip(np.searchsorted(S, s) - 1, 0, len(T) - 2))
    lo, hi = T[i], T[i + 1]
    t = lo + (hi - lo)*(s - S[i])/(S[i + 1] - S[i])
    for _ in range(30):
        e = S[i] + seg(T[i], t) - s
        if abs(e) < 1e-6:
            break
        if e > 0:
            hi = t
        else:
            lo = t
        t = t - e/speed(t)
        if not lo < t < hi:
            t = (lo + hi)/2
    return t
```

`T` ಪಟ್ಟಿಯಲ್ಲಿ 0.5 ಒಂದು ತುದಿಯಾಗಿ ಬಂದಿರುವುದನ್ನು ಗಮನಿಸಿ, ಅದು ಬೇಕೆಂದೇ ಮಾಡಿದ್ದು. ತುಂಡುಗಳ ಸಂಖ್ಯೆ ಬೆಸ ಮಾಡಿದರೆ ತುತ್ತತುದಿ ಒಂದು ತುಂಡಿನ ಹೊಟ್ಟೆಗೆ ಬೀಳುತ್ತದೆ. ಹದಿನೇಳು ತುಂಡಾದರೆ ಆ ತುಂಡು ಸಣ್ಣದಾದ್ದರಿಂದ ಹಾನಿ ಕಾಣುವುದಿಲ್ಲ, ಆದರೆ ಮೂರೋ ಐದೋ ತುಂಡು ಇಟ್ಟುಕೊಂಡು ಜಿಪುಣತನ ಮಾಡುವವರು ಎಚ್ಚರವಿರಬೇಕು.

ಬಸ್ಸಿಗೆ ಇಷ್ಟು ಸಾಕು. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5.56 ಮೀಟರ್, ಇಡೀ ತಿರುವಿಗೆ 24 ಸೆಕೆಂಡಿಗಿಂತ ಚೂರು ಹೆಚ್ಚು. ಸೆಕೆಂಡಿಗೆ 25 ಚಿತ್ರಗಳಾದರೆ ಪ್ರತಿ ಚಿತ್ರಕ್ಕೂ s ಅನ್ನು 22 ಸೆಂಟಿಮೀಟರ್ ಹೆಚ್ಚಿಸಿ, `t_at` ಕೊಟ್ಟ ಜಾಗದಲ್ಲಿ ಬಸ್ಸು ಬರೆಯಿರಿ. ತಿರುವಿನಲ್ಲಿ ಬಸ್ಸು ನಿಧಾನವಾಗುವುದೇ ಚೆಂದ ಎನಿಸಿದರೆ ಹಾಗೇ ಮಾಡಿ, ಆದರೆ ಎಷ್ಟು ನಿಧಾನ ಎಂಬುದನ್ನು ನೀವು ಸಮಯ ಮತ್ತು s ನಡುವಿನ ಸಂಬಂಧದಲ್ಲಿ ನಿರ್ಧರಿಸಿ. ನಿಯಂತ್ರಣ ಬಿಂದು ಎಳೆದಾಗಲೆಲ್ಲ ಬಸ್ಸಿನ ವೇಗ ಬದಲಾಗುವುದು ತಪ್ಪುತ್ತದೆ.

ಪ್ರೋಗ್ರಾಮನ್ನು ಪರೀಕ್ಷಿಸಲು ಉತ್ತರ ಗೊತ್ತಿರುವ ಒಂದು ತಿರುವು ಬೇಕು. ಹೆಚ್ಚಿನವರು ವೃತ್ತ ತೆಗೆದುಕೊಳ್ಳುತ್ತಾರೆ. ಅದು ಕೆಟ್ಟ ಪರೀಕ್ಷೆ, ಏಕೆಂದರೆ ಕೋನವನ್ನೇ t ಮಾಡಿಕೊಂಡರೆ ವೃತ್ತದಲ್ಲಿ ವೇಗ ಎಲ್ಲೆಡೆ ಒಂದೇ, ತಪ್ಪು ಪ್ರೋಗ್ರಾಮೂ ಪಾಸಾಗಿಬಿಡುತ್ತದೆ. ಅದರ ಬದಲು ನಿಮ್ಮದೇ ತಿರುವಿನಲ್ಲಿ 80 ಇರುವ ಎರಡು ಕಡೆ 40 ಹಾಕಿ: (0,0), (40,0), (40,40), (0,40). ಆಗ ವರ್ಗಮೂಲದೊಳಗೆ 14u² ಬದಲು 2u² ಬಂದು ಅದು ಪೂರ್ಣ ವರ್ಗವಾಗುತ್ತದೆ, ವೇಗ 60(1 + u²) ಎಂಬ ಬಹುಪದವಾಗುತ್ತದೆ. ಉದ್ದ ಕರಾರುವಾಕ್ಕಾಗಿ 80 ಮೀಟರ್. ದೂರ s(t) = 60t + 10 − 10(1 − 2t)³, ಆದ್ದರಿಂದ 23.75 ಮೀಟರ್ ಕೇಳಿದರೆ t = 0.25 ಬರಲೇಬೇಕು. ಹೀಗೆ ವೇಗವೇ ಬಹುಪದವಾಗಿಬಿಡುವ ರೇಖೆಗಳಿಗೆ ಪೈಥಾಗೋರಿಯನ್ ಹೋಡೋಗ್ರಾಫ್ ಕರ್ವ್ ಎಂದು ಹೆಸರು. ಫಾರೂಕಿ ಮತ್ತು ಸಕ್ಕಾಲಿಸ್ 1990ರಲ್ಲಿ ಇವನ್ನು ಪರಿಚಯಿಸಿದರು. ಈ ಪರೀಕ್ಷೆಗೂ ಒಂದು ಮಿತಿಯಿದೆ. ವೇಗ ಬಹುಪದವಾದ್ದರಿಂದ ಗಾಸ್ ನಿಯಮ ಇಲ್ಲಿ ಸೋಲುವುದೇ ಇಲ್ಲ. ಗುಣಾಂಕ, ಪಟ್ಟಿ, ನ್ಯೂಟನ್ ಇವುಗಳಲ್ಲಿನ ತಪ್ಪು ಇದರಲ್ಲಿ ಸಿಕ್ಕಿಬೀಳುತ್ತದೆ, ಕತ್ತರಿಸುವ ಜಾಗದ ತಪ್ಪು ಸಿಕ್ಕಿಬೀಳುವುದಿಲ್ಲ. ಅದಕ್ಕೆ 134.3299 ಅನ್ನೇ ಇಟ್ಟುಕೊಳ್ಳಿ.

ಕಲ್ಲುಗಳ ವಿಷಯ ಬಸ್ಸಿಗಿಂತ ಸ್ವಲ್ಪ ಸೂಕ್ಷ್ಮ. 134.33 ಅನ್ನು 5 ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ. 27 ಅಂತರ ಮಾಡಿ, ಎರಡೂ ತುದಿ ಸೇರಿ 28 ಕಲ್ಲು, ಪ್ರತಿ ಅಂತರ 4.975 ಮೀಟರ್. ಇದು ರಸ್ತೆಯ ಗುಂಟ ಹೋದ ದೂರ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಟೇಪು ಬಿಗಿಯಾಗಿ ಹಿಡಿದರೆ ನೇರ ಕಾಲುಗಳಲ್ಲಿ ಅಷ್ಟೇ ತೋರಿಸುತ್ತದೆ, ಆದರೆ ತುತ್ತತುದಿಯ ಅಂತರದಲ್ಲಿ 4.89 ತೋರಿಸುತ್ತದೆ. ಅಲ್ಲಿ ತಿರುವಿನ ತ್ರಿಜ್ಯ ಬರೀ 7.5 ಮೀಟರ್, ಹಾಗಾಗಿ ನೇರ ಗೆರೆ ಎಂಟೂವರೆ ಸೆಂಟಿಮೀಟರಿನಷ್ಟು ಗಿಡ್ಡ. ಇದು ಲೆಕ್ಕದ ತಪ್ಪಲ್ಲ. ಪರದೆಯ ಮೇಲೆ ಬಿಂದುಗಳ ನಡುವಿನ ನೇರ ಅಂತರ ಅಳೆದು ‘ಸಮ ಬಂದಿಲ್ಲ’ ಎಂದು ಪ್ರೋಗ್ರಾಮ್ ತಿದ್ದಲು ಹೊರಡಬೇಡಿ.

ಇದಕ್ಕಿಂತ ದೊಡ್ಡ ವಿಷಯ ಬೇರೆಯಿದೆ. ನೀವು ಬರೆದಿರುವುದು ರಸ್ತೆಯ ನಡುಗೆರೆ, ಕಲ್ಲು ಇರುವುದು ಅಂಚಿನಲ್ಲಿ. ನಡುಗೆರೆಯಿಂದ ಹೊರ ಅಂಚು 3.5 ಮೀಟರ್ ಎಂದಿಟ್ಟುಕೊಳ್ಳಿ. ನಡುಗೆರೆಯಲ್ಲಿ ಸಮದೂರದ ಬಿಂದು ಹುಡುಕಿ, ಅಲ್ಲಿಂದ ಅಡ್ಡಕ್ಕೆ 3.5 ಮೀಟರ್ ಸರಿದು ಕಲ್ಲಿಟ್ಟರೆ ತುತ್ತತುದಿಯ ಎರಡು ಕಲ್ಲುಗಳ ನಡುವೆ ಅಂಚಿನ ಗುಂಟ 7.2 ಮೀಟರ್ ಆಗುತ್ತದೆ, ನೇರ ಕಾಲುಗಳಲ್ಲಿ ಐದರ ಆಸುಪಾಸೇ ಉಳಿಯುತ್ತದೆ. ಅಂದರೆ ಮೊದಲು ಗುಂಪುಗೂಡುತ್ತಿದ್ದ ಕಡೆಯಲ್ಲೇ ಈಗ ಕಲ್ಲುಗಳು ವಿರಳವಾಗುತ್ತವೆ, ಅದೂ ಬಸ್ಸು ಹೊರಕ್ಕೆ ಜಾರಬಹುದಾದ ಜಾಗದಲ್ಲಿ. ಹೊರ ಅಂಚನ್ನೇ ಸಮಭಾಗ ಮಾಡಬೇಕು. ಅದಕ್ಕೆ ಹೊಸ ರೇಖೆಯೇನೂ ಬೇಡ, ವೇಗದ ಫಂಕ್ಷನ್ ಒಂದನ್ನು ಬದಲಿಸಿದರೆ ಸಾಕು. ಅಂಚಿನ ವೇಗ ಎಂದರೆ v ಗೆ, ದಿಕ್ಕು ತಿರುಗುವ ವೇಗವನ್ನು 3.5 ರಿಂದ ಗುಣಿಸಿ ಕೂಡಿಸಿದ್ದು:

```python
def speed_out(t, d=3.5):
    xp, yp = 240*(1 - 2*t), 240*t*(1 - t)
    xq, yq = -480, 240*(1 - 2*t)
    return np.hypot(xp, yp) + d*(xp*yq - yp*xq)/(xp**2 + yp**2)
```

ಇದರ ಉತ್ತರ ಸರಿಯಿದೆಯೇ ಎಂದು ನೋಡಲು ಒಂದು ಸೊಗಸಾದ ತಾಳೆಯಿದೆ. ನಿಮ್ಮ ರಸ್ತೆ ಒಟ್ಟು ಅರ್ಧ ಸುತ್ತು ತಿರುಗುತ್ತದೆ, ಆದ್ದರಿಂದ ಹೊರ ಅಂಚು ನಡುಗೆರೆಗಿಂತ ನಿಖರವಾಗಿ π × 3.5, ಅಂದರೆ 10.996 ಮೀಟರ್ ಉದ್ದ ಇರಲೇಬೇಕು. ತಿರುವಿನ ಆಕಾರ ಹೇಗಿದ್ದರೂ ಇದು ಬದಲಾಗುವುದಿಲ್ಲ, ರಸ್ತೆ ಒಂದೇ ಕಡೆಗೆ ತಿರುಗುತ್ತಾ ಹೋದರೆ ಸಾಕು. ಹೊರ ಅಂಚಿನ ಉದ್ದ 145.33 ಬಂದರೆ ಸೈ. ಒಳ ಅಂಚಿಗೆ d ಅನ್ನು ಋಣ ಮಾಡಿ, ಆದರೆ d ನ ಪ್ರಮಾಣ 7.5 ಮೀರದಂತೆ ನೋಡಿಕೊಳ್ಳಿ. ಮೀರಿದರೆ ಒಳ ಅಂಚು ತನ್ನನ್ನೇ ತಾನು ದಾಟಿ ಗಂಟು ಬೀಳುತ್ತದೆ, ವೇಗ ಋಣವಾಗುತ್ತದೆ, ದೂರದ ಪಟ್ಟಿ ಏರುವುದನ್ನು ನಿಲ್ಲಿಸುತ್ತದೆ.

ಒಂದು ದಿನ ಈ ಆಟಿಕೆ ತಿರುವು ಬಿಟ್ಟು ನಿಜವಾದ ಘಾಟಿಯ ಅಂಕಿಅಂಶ ಹಾಕುವ ಯೋಚನೆ ನಿಮಗಿರಬಹುದು. ಆಗ ಇಳಿಜಾರನ್ನು ಮರೆಯಬೇಡಿ. ಪ್ರತಿ 15 ಮೀಟರಿಗೆ 1 ಮೀಟರ್ ಏರುವ ರಸ್ತೆಯಾದರೆ 134.33 ಮೀಟರಿನ ನಕ್ಷೆಯ ಉದ್ದ ನೆಲದ ಮೇಲೆ 134.63 ಆಗುತ್ತದೆ. ನಾವು ಮಿಲಿಮೀಟರ್ ಎಣಿಸುತ್ತಿದ್ದಾಗ ಇಲ್ಲಿ 30 ಸೆಂಟಿಮೀಟರ್ ಸದ್ದಿಲ್ಲದೆ ಜಾರಿಹೋಗಿರುತ್ತದೆ. ವರ್ಗಮೂಲದೊಳಗೆ z' ನ ವರ್ಗವನ್ನೂ ಸೇರಿಸಿದರೆ ಉಳಿದ ವಿಧಾನ ಹಾಗೇ ನಡೆಯುತ್ತದೆ. ಬಿಂದುಗಳು ಫೋನಿನ ಜಿಪಿಎಸ್‌ನಿಂದ ಬಂದಿದ್ದರೆ ಅವು ಅಕ್ಷಾಂಶ ರೇಖಾಂಶಗಳ ಡಿಗ್ರಿಯಲ್ಲಿರುತ್ತವೆ. ಆಗುಂಬೆಯ ಅಕ್ಷಾಂಶದಲ್ಲಿ ಉತ್ತರ–ದಕ್ಷಿಣದ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರ್, ಪೂರ್ವ–ಪಶ್ಚಿಮದ್ದು ಸುಮಾರು 108. ಎರಡನ್ನೂ ಬೇರೆಬೇರೆಯಾಗಿ ಮೀಟರಿಗೆ ತಂದುಕೊಂಡು ಆಮೇಲೆ ಲೆಕ್ಕ ಶುರುಮಾಡಿ. ಮತ್ತೆ, ಜಿಪಿಎಸ್ ಬಿಂದುಗಳ ನಡುವಿನ ನೇರ ಗೆರೆಗಳನ್ನು ಕೂಡಿಸಿದರೆ ಬರುವ ಮೊತ್ತ ನಿಜ ಉದ್ದಕ್ಕಿಂತ ಕಡಿಮೆಯೇ ಇರುತ್ತದೆಂಬ ಭರವಸೆ ಅಲ್ಲಿ ನಡೆಯುವುದಿಲ್ಲ. ಪ್ರತಿ ಬಿಂದುವೂ ಕೆಲವು ಮೀಟರ್ ಅತ್ತಿತ್ತ ಅಲುಗಾಡಿರುತ್ತದೆ, ಬಿಂದುಗಳು ಹೆಚ್ಚಾದಷ್ಟೂ ಆ ಅಂಕುಡೊಂಕು ಕೂಡಿ ಮೊತ್ತ ಉಬ್ಬುತ್ತಲೇ ಹೋಗುತ್ತದೆ. ಮೊದಲು ಅವುಗಳ ನಡುವೆ ಹಾಯುವ ಒಂದು ನಯವಾದ ಬೆಜಿಯರ್ ಅನ್ನು ಹೊಂದಿಸಿಕೊಂಡು, ಉದ್ದವನ್ನು ಅದರ ಮೇಲೆ ಲೆಕ್ಕ ಹಾಕಿ.